ಸೆಂಟ್ರಿಫ್ಯೂಜ್‌ನಲ್ಲಿ ನಳಿಕೆ ಒಡೆದಾಗ

ಕ್ಷಯ ಶಂಕಿತರ ಕಫದ ನಳಿಕೆ ಸೆಂಟ್ರಿಫ್ಯೂಜ್‌ನಲ್ಲಿ ಒಡೆದರೆ ಅಪಾಯ ಇರುವುದು ಚೆಲ್ಲಿದ ದ್ರವದಲ್ಲಿ ಮಾತ್ರವಲ್ಲ. ತಿರುಗುವ ವೇಗಕ್ಕೆ ಅದು ಕಣ್ಣಿಗೆ ಕಾಣದ ಹನಿಗಳಾಗಿ ಯಂತ್ರದೊಳಗಿನ ಗಾಳಿಯಲ್ಲಿ ತೇಲುತ್ತದೆ. ಸದ್ದು ಬದಲಾಗುವುದು, ಯಂತ್ರ ನಡುಗುವುದು ಇದರ ಸುಳಿವು.

ಆಗ ಸ್ವಿಚ್ ಆರಿಸಿ, ಹನಿಗಳು ಕೆಳಗಿಳಿಯಲು ಮುಚ್ಚಳವನ್ನು 30 ನಿಮಿಷ ತೆರೆಯದೆ ಬಿಡಬೇಕು. ಒಡೆದದ್ದು ಮುಚ್ಚಳ ತೆಗೆದ ಮೇಲೆ ಕಂಡರೆ ತಕ್ಷಣ ಮತ್ತೆ ಮುಚ್ಚಿ ಅಷ್ಟೇ ಹೊತ್ತು ಕಾಯಬೇಕು. ಅವಸರದಲ್ಲಿ ಇಣುಕುವುದೇ ಇಲ್ಲಿ ದೊಡ್ಡ ತಪ್ಪು. ಆಮೇಲೆ ಉಸಿರುರಕ್ಷಕ ಮಾಸ್ಕ್, ದಪ್ಪ ಕೈಗವಸು ಧರಿಸಿ, ಗಾಜಿನ ಚೂರುಗಳನ್ನು ಚಿಮುಟದಿಂದಲೇ ಎತ್ತಬೇಕು. ಲೋಹದ ಭಾಗಗಳಿಗೆ ಬ್ಲೀಚಿಂಗ್ ದ್ರಾವಣ ಬೇಡ, ತುಕ್ಕು ಹಿಡಿಸುತ್ತದೆ. ಕ್ಷಯದ ಪ್ರಯೋಗಾಲಯಗಳಲ್ಲಿ 5% ಫೀನಾಲ್ ಬಳಕೆಯಲ್ಲಿದೆ.

ಭಾರತದ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಂತೆ ಗಾಜಿನ ಚೂರು ನೀಲಿ ಗುರುತಿನ, ಚುಚ್ಚಿ ತೂತಾಗದ ಡಬ್ಬಿಗೆ, ಪ್ಲಾಸ್ಟಿಕ್ ನಳಿಕೆ ಕೆಂಪು ಚೀಲಕ್ಕೆ, ಕಫದ ಮಾದರಿ ಹಳದಿಗೆ. ಮಾದರಿಯನ್ನು ಹೊರಗೆ ಸಾಗಿಸುವ ಮೊದಲು ಪ್ರಯೋಗಾಲಯದಲ್ಲೇ ಸೋಂಕುರಹಿತಗೊಳಿಸುವುದು ಕಡ್ಡಾಯ.

ಮುಚ್ಚಳವಿರುವ ಬಕೆಟ್ ಬಳಸಿ, ಎದುರುಬದುರು ನಳಿಕೆಗಳ ತೂಕ ಸರಿಹೊಂದಿಸಿದರೆ ಇಂಥ ಪ್ರಸಂಗಗಳು ಬಹುಮಟ್ಟಿಗೆ ತಪ್ಪುತ್ತವೆ.