ಎಲ್‌ಐಸಿ ಬಾಂಡ್ ಕಳೆದಾಗ ಬರೆಯಬೇಕಾದ ಒಂದು ಪುಟ

ಜೀವ ವಿಮೆಯ ಬಾಂಡ್ ಕಳೆದುಹೋಯಿತೆಂದರೆ ಜನ ಮೊದಲು ಓಡುವುದು ನೋಟರಿಯ ಹತ್ತಿರ. ಸ್ಟಾಂಪ್ ಪೇಪರ್ ತಂದು, ಅಫಿಡವಿಟ್ ಮಾಡಿಸಿ, ಇಂಡೆಮ್ನಿಟಿ ಬಾಂಡಿಗೆ ಸಹಿ ಹಾಕಿ, ಎಲ್ಲವನ್ನೂ ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಶಾಖೆಗೆ ಹೋಗುತ್ತಾರೆ. ಅಲ್ಲಿ ಕೌಂಟರಿನವರು "ಇದಕ್ಕೊಂದು ಕವರಿಂಗ್ ಲೆಟರ್ ಬರೆದುಕೊಡಿ" ಅಂದಾಗ ಪಕ್ಕದವರ ಪೆನ್ನು ಇಸಕೊಂಡು, ನಿಂತಲ್ಲೇ ನಾಲ್ಕು ಸಾಲು ಗೀಚಿ ಕೊಟ್ಟುಬಿಡುತ್ತಾರೆ. ಕಡತ ಬಿಚ್ಚಿದ ಅಧಿಕಾರಿ ಮೊದಲು ಓದುವುದು ಆ ನಾಲ್ಕು ಸಾಲನ್ನೇ. ಅದರಲ್ಲಿ ಬರೆದಿದ್ದಕ್ಕೂ ಒಳಗಿನ ಅಫಿಡವಿಟ್ಟಿಗೂ ತಾಳೆಯಾಗದಿದ್ದರೆ ಕಡತ ಅಲ್ಲೇ ನಿಲ್ಲುತ್ತದೆ.

ಬಾಂಡ್ ಕಳೆದರೆ ಪಾಲಿಸಿ ಸಾಯುವುದಿಲ್ಲ. ವಿಮೆಯ ಒಪ್ಪಂದ ಕಂಪನಿಯ ದಾಖಲೆಯಲ್ಲಿ ಭದ್ರವಾಗಿರುತ್ತದೆ, ಕಂತು ಕಟ್ಟುತ್ತಾ ಹೋಗಬಹುದು, ಕಟ್ಟಲೇಬೇಕು. ಹಾಗಿದ್ದರೆ ಇನ್ನೊಂದು ಪ್ರತಿ ಮುದ್ರಿಸಿ ಕೊಡುವುದಕ್ಕೆ ಇಷ್ಟೆಲ್ಲ ರಗಳೆ ಯಾಕೆ? ಕಾರಣ ಅಡಮಾನ. 1938ರ ವಿಮಾ ಕಾಯ್ದೆಯ 38ನೇ ಸೆಕ್ಷನ್ ಪ್ರಕಾರ ಪಾಲಿಸಿಯನ್ನು ಮತ್ತೊಬ್ಬರಿಗೆ ವರ್ಗಾಯಿಸಬಹುದು. ಅದಕ್ಕೆ ಬೇರೆ ಪತ್ರವೇ ಬೇಕೆಂದಿಲ್ಲ, ಬಾಂಡಿನ ಮೇಲೆಯೇ ಷರಾ ಬರೆದರೂ ನಡೆಯುತ್ತದೆ. ಬರೆಯದೆಯೂ ಎಷ್ಟೋ ಜನ ಕೈಸಾಲಕ್ಕೆ ಬಾಂಡನ್ನು ಯಾರಲ್ಲೋ ಇಟ್ಟಿರುತ್ತಾರೆ. ಇವತ್ತು ನಿಮಗೆ ಹೊಸ ಪ್ರತಿ ಕೊಟ್ಟು, ನಾಳೆ ಅವಧಿ ಮುಗಿದಾಗ ನಿಮಗೇ ಹಣ ಕೊಟ್ಟು, ನಾಡಿದ್ದು ಹಳೇ ಬಾಂಡ್ ಹಿಡಿದ ಇನ್ನೊಬ್ಬರು ಬಂದರೆ? ಕಂಪನಿಯ ಆತಂಕ ಅದೊಂದೇ.

ಆ ಆತಂಕಕ್ಕೆ ಉತ್ತರವಾಗಿಯೇ ಮೂರು ಕಾಗದ. ಅಫಿಡವಿಟ್ಟಿನಲ್ಲಿ ನೀವು ಪ್ರಮಾಣ ಮಾಡಿ ಹೇಳುವುದು ನಡೆದ ಸಂಗತಿ: ಬಾಂಡ್ ನನ್ನಲ್ಲಿತ್ತು, ಹೀಗೆ ಕಳೆಯಿತು, ಯಾರಿಗೂ ಅಡವಿಟ್ಟಿಲ್ಲ. ಇಂಡೆಮ್ನಿಟಿ ಬಾಂಡಿನಲ್ಲಿ ಕೊಡುವುದು ಮುಂದಿನ ಮಾತು: ಹಳೇ ಬಾಂಡಿನಿಂದ ನಿಮಗೆ ನಷ್ಟವಾದರೆ ನಾನು ತುಂಬಿಕೊಡುತ್ತೇನೆ. 1872ರ ಕರಾರು ಕಾಯ್ದೆಯ 124ನೇ ಸೆಕ್ಷನ್ ಹೇಳುವ ಒಪ್ಪಂದ ಇದೇ. ಕವರಿಂಗ್ ಲೆಟರಿಗೆ ಇಂಥ ಕಾನೂನಿನ ಬಲವೇನೂ ಇಲ್ಲ. ಆದರೆ ಏನು ಬೇಕು ಎಂದು ಕೇಳುವ ಕಾಗದ ಅದೊಂದೇ. ಉಳಿದೆರಡರಲ್ಲಿ ಎಲ್ಲೂ 'ಡ್ಯೂಪ್ಲಿಕೇಟ್ ಕೊಡಿ' ಎಂಬ ಸ್ಪಷ್ಟ ಕೋರಿಕೆ ಇಲ್ಲದಿರಬಹುದು. ಎಷ್ಟೋ ಅರ್ಜಿಗಳು ವಾರಗಟ್ಟಲೆ ಬಿದ್ದಿರುವುದು ಇದರಿಂದಲೇ ಎಂದು ನನ್ನ ಅನಿಸಿಕೆ. ಕಾಗದಗಳೆಲ್ಲ ಇವೆ, ಕೇಳಿಕೆಯೇ ಇಲ್ಲ.

ಬರೆಯುವ ಮೊದಲು ಒಂದು ಕೆಲಸವಿದೆ. ಬಾಂಡ್ ನಿಜಕ್ಕೂ ಕಳೆದಿದೆಯೇ ನೋಡಿ. ಪಾಲಿಸಿಯ ಮೇಲೆ ಎಲ್‌ಐಸಿಯಿಂದಲೇ ಸಾಲ ಪಡೆದಿದ್ದರೆ ಬಾಂಡ್ ಅವರ ಬಳಿಯೇ ಇರುತ್ತದೆ. ಮನೆ ಸಾಲಕ್ಕೆ ಹೆಚ್ಚುವರಿ ಭದ್ರತೆಯಾಗಿ ಬ್ಯಾಂಕಿಗೆ ಕೊಟ್ಟು ಮರೆತವರೂ ಇದ್ದಾರೆ. ಹಾಗಿರುವಾಗ 'ಯಾರಿಗೂ ಕೊಟ್ಟಿಲ್ಲ' ಎಂದು ಪ್ರಮಾಣ ಮಾಡಿದರೆ ಅದು ಸುಳ್ಳು ಅಫಿಡವಿಟ್, ಶಿಕ್ಷೆಗೆ ಗುರಿಯಾಗುವ ಅಪರಾಧ. ಪಾಲಿಸಿ ನಂಬರ್ ಕೊಟ್ಟು 'ಸಾಲ ಅಥವಾ ಅಸೈನ್‌ಮೆಂಟ್ ಇದೆಯಾ ನೋಡಿ' ಎಂದು ಶಾಖೆಯಲ್ಲಿ ಕೇಳಿದರೆ ಕಂಪ್ಯೂಟರಿನಲ್ಲಿ ನೋಡಿ ಹೇಳುತ್ತಾರೆ.

ಈಗ ಒಂದು ಉದಾಹರಣೆ ಹಿಡಿದು ಪತ್ರ ಬರೆಯೋಣ. ನಿವೃತ್ತ ಮೇಷ್ಟ್ರೊಬ್ಬರು ಹುಬ್ಬಳ್ಳಿಯಿಂದ ದಾವಣಗೆರೆಗೆ ಮನೆ ಬದಲಿಸಿದ್ದಾರೆ ಎಂದಿಟ್ಟುಕೊಳ್ಳಿ. 2011ರ ಮಾರ್ಚ್ 28ರಂದು ಶುರುವಾದ ಜೀವನ್ ಆನಂದ್ ಪಾಲಿಸಿ, 21 ವರ್ಷದ ಅವಧಿ, ವಿಮಾ ಮೊತ್ತ 5 ಲಕ್ಷ. ಮನೆ ಸಾಗಿಸಿದ್ದು 2025ರ ಮೇ ತಿಂಗಳಲ್ಲಿ. ಜೂನ್ ಮೊದಲ ವಾರ ಬೀರು ಜೋಡಿಸುವಾಗ ಕಾಗದಗಳ ಒಂದು ಫೈಲೇ ಇಲ್ಲ. ಪಾಲಿಸಿ ಮಾಡಿಸಿದ್ದು ಹುಬ್ಬಳ್ಳಿಯಲ್ಲಿ. ಅದನ್ನು ದಾವಣಗೆರೆಗೆ ವರ್ಗ ಮಾಡಿಸಿಲ್ಲ.

ಹಾಗಾದರೆ ಪತ್ರ ಯಾರಿಗೆ? ದಾವಣಗೆರೆಯ ಶಾಖೆ ಮನೆಗೆ ಹತ್ತಿರ, ನಿಜ. ಆದರೆ ಪಾಲಿಸಿಯ ಮೂಲ ಕಡತ ಇರುವುದು ಸರ್ವಿಸಿಂಗ್ ಶಾಖೆಯಲ್ಲಿ, ಡ್ಯೂಪ್ಲಿಕೇಟ್ ಬಾಂಡ್ ತಯಾರಾಗಬೇಕಾದದ್ದೂ ಅಲ್ಲೇ. ಕಂತು ಕಟ್ಟಿದ ರಸೀದಿಯಲ್ಲಿ ಸರ್ವಿಸಿಂಗ್ ಶಾಖೆ ಯಾವುದೆಂದು ಇರುತ್ತದೆ. ಮೇಷ್ಟ್ರು ಪತ್ರವನ್ನು ಹುಬ್ಬಳ್ಳಿ ಶಾಖೆಯ ವ್ಯವಸ್ಥಾಪಕರಿಗೇ ಬರೆಯಬೇಕು. ಒಕ್ಕಣೆ ಹೀಗಿದ್ದರೆ ಸಾಕು:

"ವಿಷಯ: ಮೂಲ ಪಾಲಿಸಿ ಪತ್ರ ಕಳೆದಿರುವುದು, ಡ್ಯೂಪ್ಲಿಕೇಟ್ ಪಾಲಿಸಿ ಪತ್ರ ನೀಡುವಂತೆ ಕೋರಿಕೆ. ಪಾಲಿಸಿ ಸಂಖ್ಯೆ (ಇಲ್ಲಿ ಪೂರ್ತಿ ಸಂಖ್ಯೆ), ಆರಂಭದ ದಿನಾಂಕ 28-03-2011, ವಿಮಾ ಮೊತ್ತ ರೂ. 5,00,000.

ಮಾನ್ಯರೇ, ಮೇಲ್ಕಂಡ ಪಾಲಿಸಿಯ ವಿಮಾದಾರ ನಾನು. 2025ರ ಮೇ ತಿಂಗಳಲ್ಲಿ ಹುಬ್ಬಳ್ಳಿಯಿಂದ ದಾವಣಗೆರೆಗೆ ಮನೆ ಬದಲಿಸುವಾಗ ಮೂಲ ಪಾಲಿಸಿ ಪತ್ರ ಕಳೆದಿರುವುದು ಜೂನ್ ಮೊದಲ ವಾರ ಗೊತ್ತಾಯಿತು. ಹುಡುಕಿದರೂ ಸಿಕ್ಕಿಲ್ಲ. ಈ ಪಾಲಿಸಿಯನ್ನು ಯಾರಿಗೂ ಅಡವಿಟ್ಟಿಲ್ಲ, ವರ್ಗಾಯಿಸಿಲ್ಲ, ಇದರ ಮೇಲೆ ಸಾಲ ಬಾಕಿ ಇಲ್ಲ. ಕಂತುಗಳನ್ನು ಈವರೆಗೆ ಕಟ್ಟಿದ್ದೇನೆ. ದಯವಿಟ್ಟು ಡ್ಯೂಪ್ಲಿಕೇಟ್ ಪಾಲಿಸಿ ಪತ್ರ ನೀಡಬೇಕಾಗಿ ಕೋರುತ್ತೇನೆ. ತಗಲುವ ಶುಲ್ಕವನ್ನು ತಿಳಿಸಿದರೆ ಕಟ್ಟುತ್ತೇನೆ. ಮೂಲ ಪತ್ರ ಮುಂದೆ ಸಿಕ್ಕಿದರೆ ತಮ್ಮ ಕಚೇರಿಗೆ ಒಪ್ಪಿಸುತ್ತೇನೆ. ಪತ್ರವ್ಯವಹಾರಕ್ಕೆ ಈ ಕೆಳಗಿನ ದಾವಣಗೆರೆ ವಿಳಾಸ ಬಳಸಬೇಕಾಗಿ ವಿನಂತಿ."

ಇದರ ಕೆಳಗೆ ಲಗತ್ತುಗಳ ಪಟ್ಟಿ. ಇಂಡೆಮ್ನಿಟಿ ಬಾಂಡ್ ಇಷ್ಟು ಹಾಳೆ, ಇ-ಸ್ಟಾಂಪ್ ಪ್ರಮಾಣಪತ್ರದ ಸಂಖ್ಯೆ ಇಂಥದ್ದು, ಅಫಿಡವಿಟ್, ನೋಟರಿ ಮಾಡಿದ ದಿನಾಂಕ, ಪೊಲೀಸರ ಇ-ಲಾಸ್ಟ್ ಸ್ವೀಕೃತಿ, ಆಧಾರ್ ಪ್ರತಿ, ಕೊನೆಯ ಕಂತಿನ ರಸೀದಿ. ಸಂಖ್ಯೆ ಬರೆದಿದ್ದರೆ ಮುಂದೆ 'ನಿಮ್ಮ ಅಫಿಡವಿಟ್ ಕಡತದಲ್ಲಿಲ್ಲ' ಅಂದಾಗ ಉತ್ತರ ಕೊಡಬಹುದು. ಎರಡನೇ ಪ್ರತಿಯ ಮೇಲೆ ಶಾಖೆಯ ಮೊಹರು, ದಿನಾಂಕ ಹಾಕಿಸಿಕೊಳ್ಳದೆ ಕೌಂಟರ್ ಬಿಡಬೇಡಿ. ಅಂಚೆಯಲ್ಲಾದರೆ ರಸೀದಿ ಇಟ್ಟುಕೊಳ್ಳಿ.

ಪತ್ರದಲ್ಲಿ ಏನಿಲ್ಲ ಎಂಬುದನ್ನೂ ಗಮನಿಸಿ. ಲಾರಿಯವನ ಮೇಲಿನ ಅನುಮಾನ, ಮಳೆ ಬಂದದ್ದು, ಹಿರೀಮಗ ಹೇಳಿದ ಮಾತು ಯಾವುದೂ ಇಲ್ಲ. ಅಫಿಡವಿಟ್ಟಿನಲ್ಲಿ ಇಲ್ಲದ ಒಂದು ಸಂಗತಿಯೂ ಪತ್ರದಲ್ಲಿ ಬರಬಾರದು. ಅಫಿಡವಿಟ್ಟಿನಲ್ಲಿ 'ಕಳೆದುಹೋಗಿದೆ' ಎಂದು ಪ್ರಮಾಣ ಮಾಡಿ, ಪತ್ರದಲ್ಲಿ 'ಯಾರೋ ಕದ್ದಿರಬೇಕು' ಎಂದು ಬರೆದರೆ ಎರಡೂ ಬೇರೆ ಬೇರೆ ಪ್ರಕರಣಗಳು. ಕಳುವಾದರೆ ಠಾಣೆಗೆ ಹೋಗಿ ದೂರು ಕೊಡಬೇಕು. ಕರ್ನಾಟಕ ಪೊಲೀಸರ ಇ-ಲಾಸ್ಟ್ ವ್ಯವಸ್ಥೆ ಇರುವುದು ಕಳೆದ ವಸ್ತುಗಳಿಗೆ, ಕಳ್ಳತನಕ್ಕಲ್ಲ. ಗೆದ್ದಲು ತಿಂದು ಅರ್ಧ ಉಳಿದಿದ್ದರೆ ಅದು ಕಳೆದದ್ದೇ ಅಲ್ಲ. ಉಳಿದ ಚೂರನ್ನೇ ಪತ್ರದ ಜೊತೆ ಒಪ್ಪಿಸಿದರೆ ಕೆಲಸ ಹಗುರಾಗುತ್ತದೆ.

ಎಡವಟ್ಟು ಹೆಚ್ಚಾಗಿ ಆಗುವುದು ದಿನಾಂಕ ಮತ್ತು ಹೆಸರಿನಲ್ಲಿ. ಇ-ಸ್ಟಾಂಪ್ ಪಡೆದದ್ದು ಜೂನ್ 18, ಇಂಡೆಮ್ನಿಟಿ ಬಾಂಡಿನಲ್ಲಿ ಸಹಿಯ ದಿನಾಂಕ ಜೂನ್ 16 ಎಂದಿದ್ದರೆ ಆ ಬಾಂಡ್ ನಿಲ್ಲುವುದಿಲ್ಲ, ಇಲ್ಲದ ಸ್ಟಾಂಪ್ ಪೇಪರಿನ ಮೇಲೆ ಸಹಿ ಬಂದದ್ದು ಹೇಗೆ? ಮೊದಲು ಸ್ಟಾಂಪ್, ಆಮೇಲೆ ಸಹಿ ಮತ್ತು ನೋಟರಿ, ಎಲ್ಲ ಆದಮೇಲೆ ಕವರಿಂಗ್ ಲೆಟರ್, ಈ ಕ್ರಮದಲ್ಲೇ ದಿನಾಂಕಗಳು ಇರಲಿ. ಹೆಸರಿನ ಕಥೆ ಇನ್ನೂ ಸಾಮಾನ್ಯ. ಪಾಲಿಸಿಯಲ್ಲಿ ಇನಿಷಿಯಲ್ ಮುಂದಿದೆ, ಆಧಾರಿನಲ್ಲಿ ಅದೇ ಬಿಡಿಸಿ ಹಿಂದೆ ಬಂದಿದೆ. ಪಾಲಿಸಿಯಲ್ಲಿದ್ದ ಹಾಗೆಯೇ ಮೂರೂ ಕಡೆ ಬರೆದು, 'ಎರಡೂ ಹೆಸರು ಒಬ್ಬನದೇ' ಎಂಬ ವಾಕ್ಯವನ್ನು ಅಫಿಡವಿಟ್ಟಿನಲ್ಲಿ ಸೇರಿಸಿದರೆ ಮುಗಿಯಿತು. ಸಹಿಯೂ ಅಷ್ಟೇ. ಶಾಖೆಯವರು ತಾಳೆ ನೋಡುವುದು 2011ರ ಪ್ರಪೋಸಲ್ ಫಾರಮ್ಮಿನ ಸಹಿಯ ಜೊತೆ. ಕನ್ನಡದಲ್ಲಿ ಮಾಡಿದ್ದರೆ ಈಗಲೂ ಕನ್ನಡದಲ್ಲೇ ಮಾಡಿ.

ಇಂಡೆಮ್ನಿಟಿ ಬಾಂಡಿನ ನಮೂನೆಯನ್ನು ಶಾಖೆಯಿಂದಲೇ ತನ್ನಿ. ನೋಟರಿಯ ಕಂಪ್ಯೂಟರಿನಲ್ಲಿ ಸಿದ್ಧವಿರುವ ನಮೂನೆ ಸೈಟ್ ಪತ್ರಕ್ಕೋ ಶೇರು ಪತ್ರಕ್ಕೋ ಮಾಡಿದ್ದಿರುತ್ತದೆ. ಎಲ್‌ಐಸಿಗೆ ತನ್ನದೇ ನಮೂನೆ ಇದೆ. ಮೊತ್ತ ದೊಡ್ಡದಿದ್ದರೆ ಜಾಮೀನುದಾರರೊಬ್ಬರ ಸಹಿಯನ್ನೂ ಕೇಳಬಹುದು. ಯಾವ ಮೌಲ್ಯದ ಸ್ಟಾಂಪ್ ಬೇಕೆಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ, ಆಗಾಗ ಬದಲಾಗುತ್ತದೆ ಕೂಡ. ಅದನ್ನೂ ಶಾಖೆಯಲ್ಲೇ ಕೇಳಿಕೊಂಡು ಕೊಳ್ಳಿ.

ಇದಲ್ಲದೆ ಹೊಸ ಬಾಂಡಿಗೆ ಅಂಟುವ ಪಾಲಿಸಿ ಸ್ಟಾಂಪಿನ ಖರ್ಚಿದೆ. ಅದು ದೇಶದಾದ್ಯಂತ ಒಂದೇ: ವಿಮಾ ಮೊತ್ತದ ಪ್ರತಿ ಸಾವಿರಕ್ಕೆ 20 ಪೈಸೆ. ಮೇಷ್ಟ್ರ 5 ಲಕ್ಷಕ್ಕೆ 100 ರೂಪಾಯಿ. ಜೊತೆಗೆ ತಯಾರಿಯ ಸಣ್ಣ ಶುಲ್ಕ. ಬಾಂಡ್ ಹೇಗೆ ಕಳೆಯಿತೆಂದೇ ಹೇಳಲಾಗದ ಪ್ರಕರಣದಲ್ಲಿ ಇಂಗ್ಲಿಷ್ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಒಂದು ತಿಂಗಳು ಆಕ್ಷೇಪಣೆಗೆ ಕಾಯಬೇಕಾದೀತು. ಎಲ್ಲರಿಗೂ ಇದನ್ನು ಕೇಳುವುದಿಲ್ಲ. ಕೆಲವರು ಮುಂಜಾಗ್ರತೆಯೆಂದು ಮೊದಲೇ ಜಾಹೀರಾತು ಕೊಟ್ಟು ಸಾವಿರಾರು ರೂಪಾಯಿ ಕಳೆಯುತ್ತಾರೆ. ಶಾಖೆಯವರು ಲಿಖಿತವಾಗಿ ಕೇಳಿದರೆ ಮಾತ್ರ ಆ ಖರ್ಚಿಗೆ ಕೈಹಾಕಿ.

ಪಾಲಿಸಿಯ ಅವಧಿ ಮುಗಿಯುತ್ತಾ ಬಂದಿದ್ದರೆ, ಅಥವಾ ವಿಮಾದಾರರೇ ತೀರಿಕೊಂಡಿದ್ದರೆ, ಡ್ಯೂಪ್ಲಿಕೇಟ್ ಕೇಳುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಹಣ ಪಡೆಯುವ ಕಾಗದಗಳ ಜೊತೆಯಲ್ಲೇ ಇಂಡೆಮ್ನಿಟಿ ಬಾಂಡ್ ಕೊಟ್ಟರಾಯಿತು. ಆಗ ಪತ್ರದ ವಿಷಯವೂ ಬದಲಾಗಬೇಕು: 'ಮೂಲ ಪಾಲಿಸಿ ಪತ್ರದ ಬದಲಿಗೆ ಇಂಡೆಮ್ನಿಟಿ ಬಾಂಡ್ ಸ್ವೀಕರಿಸಿ ಹಣ ಪಾವತಿಸಲು ಕೋರಿಕೆ'. ಇಲ್ಲಿ ಹಳೇ ಮಾದರಿಯನ್ನೇ ನಕಲು ಮಾಡಿ 'ಡ್ಯೂಪ್ಲಿಕೇಟ್ ಕೊಡಿ' ಎಂದು ಬರೆದು ಎರಡು ತಿಂಗಳು ಸುಮ್ಮನೆ ಕಾಯುವವರಿದ್ದಾರೆ.

ಹೊಸ ಬಾಂಡ್ ಕೈಗೆ ಬಂದ ದಿನ ಅದರ ಮೇಲೆ ಡ್ಯೂಪ್ಲಿಕೇಟ್ ಎಂಬ ಗುರುತಿರುವುದನ್ನು ಕಂಡು ಬೆಲೆ ಕಮ್ಮಿಯೆಂದು ಭಾವಿಸಬೇಡಿ, ಹಕ್ಕು ಮೂಲ ಬಾಂಡಿನಷ್ಟೇ. ನಾಮಿನಿಯ ಹೆಸರು, ವಿಳಾಸ, ಅವಧಿ ಮುಗಿಯುವ ದಿನಾಂಕ ಈ ಮೂರನ್ನು ಕೌಂಟರಿನಲ್ಲೇ ನಿಂತು ಓದಿ. ಮದುವೆಗೆ ಮುಂಚೆ ಮಾಡಿಸಿದ ಪಾಲಿಸಿಯಾಗಿದ್ದು ನಾಮಿನಿ ಇನ್ನೂ ತಾಯಿಯೇ ಆಗಿದ್ದರೆ, ಬದಲಿಸುವ ಅರ್ಜಿಯನ್ನು ಅದೇ ದಿನ ಕೊಟ್ಟು ಬನ್ನಿ. ಹಳೇ ಬಾಂಡ್ ಮುಂದೆ ಯಾವತ್ತಾದರೂ ಟ್ರಂಕಿನ ತಳದಲ್ಲಿ ಸಿಕ್ಕಿದರೆ ಎರಡನ್ನೂ ಇಟ್ಟುಕೊಳ್ಳುವಂತಿಲ್ಲ. ಇಂಡೆಮ್ನಿಟಿ ಬಾಂಡಿನಲ್ಲಿ ಸಹಿ ಹಾಕಿ ಒಪ್ಪಿದಂತೆ ಅದನ್ನು ಶಾಖೆಗೆ ಒಪ್ಪಿಸಿ, ಅದಕ್ಕೂ ಒಂದು ಕವರಿಂಗ್ ಲೆಟರ್ ಬರೆದು ಮೊಹರು ಹಾಕಿಸಿಕೊಳ್ಳಿ.