ಕಟ್ಟೆಯ ಮೇಲಿನ ನೆರಳು

ರಾತ್ರಿ ಹುಳಿಗೆ ಬದನೆಕಾಯಿ ಹೆಚ್ಚಲು ನಿಂತಾಗ ಹಲಗೆಯ ಮೇಲೆ ಕತ್ತಲು ಕವಿಯುತ್ತದಲ್ಲ, ಅದು ಹೆಚ್ಚುವವರದೇ ನೆರಳು. ನಮ್ಮ ಎಷ್ಟೋ ಅಡುಗೆಮನೆಗಳಲ್ಲಿ ಇರುವುದು ಒಂದೇ ಟ್ಯೂಬ್‌ಲೈಟ್. ಅದನ್ನು ಬಾಗಿಲ ಮೇಲೋ, ಕಟ್ಟೆಯ ಎದುರಿನ ಗೋಡೆಗೋ ಹಾಕಿರುತ್ತಾರೆ. ಅಡುಗೆ ಮಾಡುವವರು ಕಟ್ಟೆಯ ಕಡೆ ಮುಖ ಮಾಡಿ ನಿಲ್ಲುತ್ತಾರೆ, ಬೆಳಕು ಅವರ ಬೆನ್ನಿಗೆ ಬೀಳುತ್ತದೆ. ಕಟ್ಟೆಯ ಮೇಲ್ಗಡೆ ಕಪಾಟುಗಳು ಬಂದ ಮೇಲೆ ಅವುಗಳ ನೆರಳೂ ಸೇರಿಕೊಂಡಿತು. ಬದನೆಕಾಯಿಯೊಳಗಿನ ಹುಳ, ಸೊಪ್ಪಿನ ನಡುವಿನ ಕಳೆ, ಬೇಳೆಯ ಕಲ್ಲು ಕಾಣಬೇಕಾದ ಜಾಗವೇ ಮನೆಯಲ್ಲಿ ಮಬ್ಬಾಗಿರುತ್ತದೆ. ಆಗ ಇನ್ನೂ ಹೆಚ್ಚು ವಾಟ್‌ನ ದೀಪ ಹಾಕಿಸುತ್ತೇವೆ. ಕೋಣೆ ಝಗ್ಗೆನ್ನುತ್ತದೆ, ನೆರಳು ಇದ್ದಲ್ಲೇ ಇರುತ್ತದೆ.

ದೀಪ ಎಷ್ಟು ದೊಡ್ಡದು ಎನ್ನುವುದಕ್ಕಿಂತ ಎಲ್ಲಿದೆ ಎನ್ನುವುದು ಎಷ್ಟು ಮುಖ್ಯವೆಂದು ಒಂದು ಸಣ್ಣ ಲೆಕ್ಕ ಹಾಕಿದರೆ ತಿಳಿಯುತ್ತದೆ. ದೀಪ ಹೊರಸೂಸುವ ಒಟ್ಟು ಬೆಳಕನ್ನು ಲೂಮೆನ್‌ನಲ್ಲಿ ಅಳೆಯುತ್ತಾರೆ, ಪೊಟ್ಟಣದ ಮೇಲೆ ಅದು ಅಚ್ಚಾಗಿರುತ್ತದೆ. ಒಂದು ಚದರ ಮೀಟರ್ ಜಾಗದ ಮೇಲೆ ಎಷ್ಟು ಲೂಮೆನ್ ಬಿತ್ತು ಎನ್ನುವುದು ಲಕ್ಸ್. ಓಡಾಡಲು 100ರಿಂದ 150 ಲಕ್ಸ್ ಸಾಕು, ಚಾಕು ಹಿಡಿದು ಮಾಡುವ ಕೆಲಸಕ್ಕೆ 300ರಿಂದ 500 ಬೇಕು. 8 ಅಡಿಗೆ 10 ಅಡಿಯ ಅಡುಗೆಮನೆಯೆಂದರೆ ಸುಮಾರು 7.4 ಚದರ ಮೀಟರ್. 20 ವಾಟ್‌ನ ಎಲ್‌ಇಡಿ ಟ್ಯೂಬ್ ಸುಮಾರು 2000 ಲೂಮೆನ್ ಕೊಡುತ್ತದೆ. ಗೋಡೆ, ಕಪಾಟುಗಳು ನುಂಗಿ ಅರ್ಧ ಉಳಿಯಿತೆಂದುಕೊಂಡರೆ ಕೋಣೆಯ ಸರಾಸರಿ 135 ಲಕ್ಸ್. ಹಲಗೆಯ ಮೇಲೆ ನಿಮ್ಮ ನೆರಳಿರುವುದರಿಂದ ಅಲ್ಲಿ ಅದಕ್ಕಿಂತಲೂ ಕಡಿಮೆ.

ಈಗ ಅದೇ ಕಟ್ಟೆಯ ಮೇಲಿನ ಕಪಾಟಿನ ಅಡಿಗೆ 2 ಮೀಟರ್ ಉದ್ದದ ಎಲ್‌ಇಡಿ ಪಟ್ಟಿಯನ್ನು ಹಾಕಿ. ಮೀಟರಿಗೆ 7 ವಾಟ್ ಎಂದರೂ ಒಟ್ಟು 14 ವಾಟ್, ಸುಮಾರು 1200 ಲೂಮೆನ್. ಇದರಲ್ಲೂ ಅರ್ಧ ಹೋಯಿತೆನ್ನಿ. ಉಳಿದ 600 ಲೂಮೆನ್ ಬೀಳುವುದು 2 ಅಡಿ ಅಗಲದ ಕಟ್ಟೆಯ ಮೇಲೆ, ಅಂದರೆ 1.2 ಚದರ ಮೀಟರ್ ಮೇಲೆ. 500 ಲಕ್ಸ್ ಆಯಿತು. ಟ್ಯೂಬಿಗಿಂತ ಕಡಿಮೆ ಕರೆಂಟು, ಮೂರು ಪಟ್ಟಿಗಿಂತ ಹೆಚ್ಚು ಬೆಳಕು. ದೀಪ ನಿಮ್ಮ ಮುಂದೆಯೇ ಇರುವುದರಿಂದ ನೆರಳಿನ ಕಾಟವೂ ಇಲ್ಲ.

ಪಟ್ಟಿಯನ್ನು ಬಹಳ ಜನ ಕಪಾಟಿನ ಹಿಂಭಾಗಕ್ಕೆ, ಗೋಡೆಗೆ ಒತ್ತಿ ಹಾಕುತ್ತಾರೆ. ಆಗ ಟೈಲ್ಸ್ ಬೆಳಗುತ್ತದೆ, ಹಲಗೆಯ ಮುಂಭಾಗ ಮಂಕಾಗೇ ಇರುತ್ತದೆ. ಕಪಾಟಿನ ಮುಂದಿನ ಅಂಚಿಗೆ, ಸಣ್ಣ ಮರದ ಪಟ್ಟಿಯ ಮರೆಯಲ್ಲಿ ಕೂರಿಸಬೇಕು. ಕಟ್ಟೆಗೆ ಪಾಲಿಶ್ ಮಾಡಿದ ಕಪ್ಪು ಗ್ರಾನೈಟ್ ಇದ್ದರೆ ಬರಿಯ ಪಟ್ಟಿಯ ಒಂದೊಂದು ಚುಕ್ಕೆಯೂ ಅದರಲ್ಲಿ ಪ್ರತಿಫಲಿಸಿ ಕಣ್ಣಿಗೆ ಚುಚ್ಚುತ್ತದೆ. ಹಾಗಾಗಿ ಹಾಲಿನ ಬಣ್ಣದ ಮುಚ್ಚಳವಿರುವ ಅಲ್ಯೂಮಿನಿಯಂ ಪ್ರೊಫೈಲ್ ಒಳಗೆ ಹಾಕಿಸಿ. ಒಗ್ಗರಣೆಯ ಜಿಡ್ಡು ಕೂತರೆ ಮುಚ್ಚಳವನ್ನು ಬಟ್ಟೆಯಲ್ಲಿ ಒರೆಸಬಹುದು, ಪಟ್ಟಿಯ ಬಿಸಿಯನ್ನು ಅಲ್ಯೂಮಿನಿಯಂ ಹೊರಹಾಕುತ್ತದೆ. ಅದರ ಡ್ರೈವರ್ ಮಾತ್ರ ಒಲೆಯಿಂದ ದೂರ, ಕೈಗೆ ಸಿಗುವ ಕಪಾಟಿನೊಳಗೆ ಇರಲಿ. ಕೆಟ್ಟರೆ ಸಾಮಾನ್ಯವಾಗಿ ಮೊದಲು ಕೆಡುವುದು ಅದೇ.

ಮೇಲೆ ಕಪಾಟಿಲ್ಲದ ಮನೆಯಲ್ಲಿ ಸೀಲಿಂಗ್ ದೀಪಗಳನ್ನು ಕೋಣೆಯ ನಡುವೆ ಹಾಕದೆ ಕಟ್ಟೆಯ ಅಂಚಿನ ನೇರಕ್ಕೆ, ಗೋಡೆಯಿಂದ ಸುಮಾರು 2 ಅಡಿಗೆ ತರಬೇಕು. ಆಗ ಬೆಳಕು ತಲೆಯ ಹಿಂದಿನಿಂದ ಬರುವುದಿಲ್ಲ.

ಇಷ್ಟಾದರೂ ಆ ಟ್ಯೂಬನ್ನು ತೆಗೆಯಬೇಕಿಲ್ಲ. ಕೋಣೆಗೆಲ್ಲ ಹರಡುವ ಬೆಳಕು ಒಂದು ಪದರ, ಕೆಲಸದ ಜಾಗಕ್ಕೆ ಬೀಳುವ ಬೆಳಕು ಇನ್ನೊಂದು ಪದರ. ಬೆಳಕನ್ನು ಹೀಗೆ ಬೇರೆಬೇರೆ ಬಗೆಯಾಗಿ ನೋಡಬೇಕೆಂದು 1952ರಲ್ಲಿ ವಿವರಿಸಿ ಬರೆದವನು ಅಮೆರಿಕದ ಬೆಳಕಿನ ವಿನ್ಯಾಸಕಾರ ರಿಚರ್ಡ್ ಕೆಲ್ಲಿ. ಅವನು ಹೇಳಿದ ಮೂರನೆಯದು ಕಣ್ಣಿಗೆ ಹಬ್ಬವಾಗುವ ಮಿನುಗು. ಅಡುಗೆಮನೆಯಲ್ಲಿ ಅದನ್ನು ಮರೆತರೆ ನಷ್ಟವಿಲ್ಲ, ಹಾಲ್‌ನಲ್ಲಿ ಮಾತ್ರ ಅದು ಬೇಕು.

ಹಾಲ್‌ನಲ್ಲಿ ತೊಂದರೆ ತಿರುಗುಮುರುಗು. ಅಲ್ಲಿ ದೀಪಗಳು ಕಡಿಮೆಯಲ್ಲ, ಅತಿಯಾಗುತ್ತವೆ. ಫಾಲ್ಸ್ ಸೀಲಿಂಗ್ ಮಾಡಿಸುವಾಗ ಎಂಟೋ ಹತ್ತೋ ಪಾಯಿಂಟ್‌ಗಳನ್ನು ಸಾಲಾಗಿ ಕೊರೆದುಬಿಡುತ್ತಾರೆ. ಎಲ್ಲವೂ ನೇರ ನೆಲ ನೋಡುತ್ತವೆ. ಕೂತವರ ಕಣ್ಣಿನ ಕೆಳಗೆ, ಮೂಗಿನ ಕೆಳಗೆ ನೆರಳು ಬಿದ್ದು ಎಲ್ಲರೂ ದಣಿದವರಂತೆ ಕಾಣುತ್ತಾರೆ. ಗೋಡೆಗಳು ಮಾತ್ರ ಮಂಕಾಗಿರುತ್ತವೆ. ಕೋಣೆಯಲ್ಲಿ ಕೂತವರ ಕಣ್ಣಿಗೆ ಹೆಚ್ಚಾಗಿ ಬೀಳುವುದು ಗೋಡೆ. ಆದ್ದರಿಂದ ನಾಲ್ಕೇ ದೀಪಗಳನ್ನು ಗೋಡೆಯಿಂದ 2 ಅಡಿಯೊಳಗೆ ಹಾಕಿ ಗೋಡೆಯನ್ನು ಬೆಳಗಿಸಿದರೆ, ಹತ್ತು ದೀಪದ ಹಾಲ್‌ಗಿಂತ ಅದು ಬೆಳಕಾಗಿಯೂ ವಿಶಾಲವಾಗಿಯೂ ಕಾಣುತ್ತದೆ.

ವಿದೇಶದ ಪುಸ್ತಕಗಳ ನಕ್ಷೆ ನೋಡಿ ಹಾಕಿಸುವವರು ಒಂದನ್ನು ಮರೆಯುತ್ತಾರೆ. ನಮ್ಮ ಹಾಲ್‌ನ ನಡುವೆ ಫ್ಯಾನಿದೆ. ಸಾಮಾನ್ಯ ಫ್ಯಾನಿನ ರೆಕ್ಕೆಗಳು 4 ಅಡಿ ಅಗಲದ ವೃತ್ತದಲ್ಲಿ ಸುತ್ತುತ್ತವೆ. ಅದರ ಮೇಲೆ ಸೀಲಿಂಗ್ ದೀಪ ಇದ್ದರೆ ರೆಕ್ಕೆ ಬೆಳಕನ್ನು ಕತ್ತರಿಸುತ್ತಾ ಹೋಗಿ ಇಡೀ ಕೋಣೆ ಮಿಣುಕುತ್ತದೆ. ಕೆಲವರಿಗೆ ತಲೆನೋವು ಬರಿಸಲು ಅದು ಸಾಕು. ಫ್ಯಾನಿನ ಕೊಕ್ಕೆಯಿಂದ ಕನಿಷ್ಠ 3 ಅಡಿ, ಸಾಧ್ಯವಾದರೆ 4 ಅಡಿ ದೂರ ಬಿಟ್ಟು ದೀಪದ ಪಾಯಿಂಟ್ ಗುರುತು ಹಾಕಿಸಿ. ಗೋಡೆ ದೀಪಕ್ಕೂ ಸೋಫಾ ಪಕ್ಕದ ನಿಲುದೀಪಕ್ಕೂ ಈ ತೊಂದರೆಯಿಲ್ಲ, ಅವು ರೆಕ್ಕೆಗಿಂತ ಕೆಳಗಿರುತ್ತವೆ. ಓದುವ ಬೆಳಕಿಗೂ ಅವೇ ಸರಿ. ಬಲ್ಬ್ ಕಾಣದಂತೆ ಶೇಡ್‌ನ ಕೆಳ ಅಂಚು ಕೂತವರ ಕಣ್ಣಿನ ಮಟ್ಟಕ್ಕೆ, ನೆಲದಿಂದ ಸುಮಾರು 40 ಇಂಚಿಗೆ ಬರಲಿ.

ಇನ್ನು ಬಣ್ಣ. ಅದನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ. ಸಂಖ್ಯೆ ಕಡಿಮೆಯಾದಷ್ಟೂ ಬೆಳಕು ಹಳದಿ, ಹೆಚ್ಚಿದಷ್ಟೂ ನೀಲಿ. ಹಳೆಯ ಬುರುಡೆ ಬಲ್ಬಿನ ಬಣ್ಣ 2700, ಅಂಗಡಿಯಲ್ಲಿ ಕೇಳದೆಯೇ ಕೊಡುವ ‘ಕೂಲ್ ಡೇಲೈಟ್’ 6500. ಬೆಳ್ಳಗಿದ್ದರೆ ಬೆಳಕು ಜಾಸ್ತಿ ಎಂದು ನಾವು ನಂಬಿದ್ದೇವೆ. ಆದರೆ ಬೆಳಕಿನ ಪ್ರಮಾಣವನ್ನು ಹೇಳುವುದು ಲೂಮೆನ್, ಕೆಲ್ವಿನ್ ಅಲ್ಲ. ನನ್ನ ಸಲಹೆ ಹಾಲ್‌ಗೆ 3000, ಅಡುಗೆ ಕಟ್ಟೆಗೆ 4000. ಅಡುಗೆಮನೆ ಹಾಲ್‌ಗೆ ತೆರೆದುಕೊಂಡಿದ್ದರೆ ಎರಡೂ ಕಡೆಯ ಸೀಲಿಂಗ್ ದೀಪಗಳು ಒಂದೇ ಸಂಖ್ಯೆಯವಾಗಿರಲಿ. ಇಲ್ಲದಿದ್ದರೆ ಒಂದರ ಪಕ್ಕ ಇನ್ನೊಂದು ಕಾಣುವಾಗ ಹಾಲ್ ಹಳದಿಯೆನಿಸುತ್ತದೆ, ಅಡುಗೆಮನೆ ಆಸ್ಪತ್ರೆಯಂತೆ ಕಾಣುತ್ತದೆ. ಕಪಾಟಿನ ಅಡಿಯ ಮರೆದೀಪ 4000 ಇದ್ದರೆ ಪರವಾಗಿಲ್ಲ.

ಕೆಲ್ವಿನ್ ಸರಿಯಿದ್ದೂ ಟೊಮೆಟೊ ಬಾಡಿದಂತೆ, ಮಾಂಸ ಕಂದಿದಂತೆ ಕಾಣಬಹುದು. ಅಗ್ಗದ ಎಲ್‌ಇಡಿಗಳಲ್ಲಿ ಕೆಂಪು ಕಿರಣಗಳು ಕಡಿಮೆ. ವಸ್ತುವಿನ ನಿಜಬಣ್ಣವನ್ನು ದೀಪ ಎಷ್ಟು ತೋರಿಸುತ್ತದೆಂದು ಹೇಳುವ ಅಂಕಿಗೆ ಸಿಆರ್‌ಐ ಎನ್ನುತ್ತಾರೆ. 80 ಸಾಮಾನ್ಯ, 90 ಮೇಲಿದ್ದರೆ ಒಳ್ಳೆಯದು. ಪೊಟ್ಟಣದ ಮೇಲೆ ಆ ಅಂಕಿ ಇಲ್ಲದಿದ್ದರೆ ಅಂಗಡಿಯಲ್ಲೇ ದೀಪ ಹಚ್ಚಿಸಿ ಅಂಗೈ ಒಡ್ಡಿ ನೋಡಿ. ಚರ್ಮ ಬೂದಿ ಬಣ್ಣಕ್ಕೆ ತಿರುಗಿದರೆ ಆ ದೀಪ ಅಡುಗೆಮನೆಗೆ ಬೇಡ. ಹಣ ಕಡಿಮೆಯಿದ್ದರೆ ಹಾಲ್‌ನ ದೀಪಗಳನ್ನು ಸಾಧಾರಣದ್ದೇ ತನ್ನಿ, ಕಟ್ಟೆಯ ಆ 2 ಮೀಟರ್ ಪಟ್ಟಿಗೆ ಮಾತ್ರ 90ರದ್ದೇ ಕೊಳ್ಳಿ.

ಹೊಸ ಮನೆ ಕಟ್ಟಿಸುತ್ತಿದ್ದರೆ ಕಪಾಟಿನ ಅಡಿಯ ಪಾಯಿಂಟನ್ನು ಟೈಲ್ಸ್ ಹಾಕುವ ಮೊದಲೇ ಎಲೆಕ್ಟ್ರಿಷಿಯನ್‌ಗೆ ಹೇಳಿ ಬಿಡಿಸಿ, ಪ್ರತಿ ಪದರಕ್ಕೂ ಬೇರೆ ಸ್ವಿಚ್ ಇರಲಿ. ಈಗಾಗಲೇ ಕಟ್ಟಿದ ಮನೆಯಾದರೆ ಮಿಕ್ಸಿಯ ಸಾಕೆಟ್‌ನಿಂದಲೇ ಕರೆಂಟು ಪಡೆಯುವ, ಸ್ವಿಚ್ ತನ್ನಲ್ಲೇ ಇರುವ ಪ್ರೊಫೈಲ್ ಲೈಟ್ ಸಿಗುತ್ತದೆ. ಗೋಡೆ ಒಡೆಯದೆ ಹಾಕಿಸಬಹುದು.