ಸುಮ್ಮನೆ ಮಲಗಿಸಿದ ಕಾಲಿನ ಅಪಾಯ

72 ವರ್ಷದ ಅಜ್ಜಿಯೊಬ್ಬರು ಬಚ್ಚಲಲ್ಲಿ ಜಾರಿ ಬಿದ್ದು ತೊಡೆಮೂಳೆಯ ಮೇಲ್ತುದಿ ಮುರಿದುಕೊಂಡಿದ್ದಾರೆ ಎಂದಿಟ್ಟುಕೊಳ್ಳಿ. ಆಪರೇಷನ್ ಆಗಿದೆ, ರಾಡ್ ಹಾಕಿದ್ದಾರೆ. ಮನೆಯವರ ಗಮನವೆಲ್ಲ ಹೊಲಿಗೆಯ ಮೇಲೆ. "ಅಲುಗಾಡಬೇಡಮ್ಮ, ಸುಮ್ಮನೆ ಮಲಗಿರು" ಎನ್ನುತ್ತಾಳೆ ಮಗಳು. ಪ್ರೀತಿಯ ಮಾತೇ. ಆದರೆ ಈ ಅಜ್ಜಿಗಿರುವ ದೊಡ್ಡ ಅಪಾಯಗಳಲ್ಲೊಂದು ಹುಟ್ಟುವುದು ಸುಮ್ಮನೆ ಮಲಗುವುದರಿಂದಲೇ.

ಕಾಲಿನ ರಕ್ತ ಎದೆಯತ್ತ ಏರಲು ಹೃದಯದ ಒತ್ತಡವೊಂದೇ ಸಾಲದು. ನಡೆಯುವಾಗ ಮೀನಖಂಡದ ಸ್ನಾಯು ಬಿಗಿದು ಸಡಿಲವಾಗುತ್ತ, ಒಳಗಿನ ಅಭಿಧಮನಿಗಳನ್ನು ಪಂಪಿನಂತೆ ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಮಲಗಿಬಿಟ್ಟರೆ ಆ ಪಂಪು ನಿಲ್ಲುತ್ತದೆ, ರಕ್ತ ನಿಧಾನವಾಗುತ್ತದೆ. ಅಜ್ಜಿಯ ವಿಷಯದಲ್ಲಿ ಇನ್ನೆರಡು ಕಾರಣಗಳೂ ಸೇರಿವೆ: ಬಿದ್ದ ಪೆಟ್ಟಿಗೂ ಆಪರೇಷನ್ನಿಗೂ ರಕ್ತನಾಳ ನಲುಗಿದೆ, ಗಾಯವಾದ ಮೈಯಲ್ಲಿ ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಹೀಗೆ ಕಾಲಿನ ಆಳದ ರಕ್ತನಾಳದಲ್ಲಿ ಕಟ್ಟುವ ಹೆಪ್ಪೇ ಡೀಪ್ ವೇನ್ ಥ್ರಾಂಬೋಸಿಸ್, ಡಾಕ್ಟರುಗಳ ಮಾತಿನಲ್ಲಿ ಡಿವಿಟಿ. ಅದರ ತುಂಡೊಂದು ಕಳಚಿಕೊಂಡರೆ ಹೃದಯದ ಬಲಭಾಗವನ್ನು ಹಾದು ಶ್ವಾಸಕೋಶದ ರಕ್ತನಾಳಕ್ಕೆ ಅಡ್ಡ ಕೂರುತ್ತದೆ. ಇದು ಪಲ್ಮನರಿ ಎಂಬಾಲಿಸಂ. ತುಂಡು ದೊಡ್ಡದಾದರೆ ನಿಮಿಷಗಳಲ್ಲಿ ಜೀವ ಹೋಗಬಹುದು.

ಆದ್ದರಿಂದ ನಿಂತ ಪಂಪನ್ನು ಮತ್ತೆ ಚಾಲೂ ಮಾಡಬೇಕು. ಅರಿವಳಿಕೆ ಇಳಿದು ಕಾಲಿಗೆ ಸ್ವಾಧೀನ ಬಂದಕೂಡಲೇ, ಮಲಗಿದಲ್ಲೇ ಎರಡೂ ಪಾದಗಳನ್ನು ಮುಖದ ಕಡೆಗೆ ಎಳೆದು ಆಮೇಲೆ ಕೆಳಕ್ಕೆ ಚಾಚಬೇಕು. ಎಚ್ಚರವಿರುವಾಗ ಗಂಟೆಗೆ ಹತ್ತು ಸಲ ಸಾಕು. ಮೀನಖಂಡ ಬಿಗಿಯುವುದು ಕೈಗೆ ತಿಳಿಯಬೇಕು. ಬರೀ ಬೆರಳಾಡಿಸಿದರೆ ಈ ಕೆಲಸ ಆಗದು. ಡಾಕ್ಟರು ಬೇಡವೆನ್ನದಿದ್ದರೆ, ಆಪರೇಷನ್ನಿನ ಮರುದಿನವೇ ಫಿಸಿಯೋಥೆರಪಿಸ್ಟ್ ಅಜ್ಜಿಯನ್ನು ಮಂಚದಂಚಿಗೆ ಕೂರಿಸಿ, ವಾಕರ್ ಹಿಡಿಸಿ ನಿಲ್ಲಿಸುತ್ತಾರೆ. ಕಣ್ಣು ಕತ್ತಲೆ ಬರುವುದುಂಟು. ಒಂದೆರಡು ನಿಮಿಷ ಕೂತೇ ಇದ್ದು ಆಮೇಲೆ ಏಳಬೇಕು. ನೋವಿನ ಮಾತ್ರೆಯನ್ನು ಈ ಹೊತ್ತಿಗೆ ಮುಂಚೆ ಕೊಟ್ಟರೆ ಒಳ್ಳೆಯದು. ನೋವಿದ್ದರೆ ಯಾರೂ ಹೆಜ್ಜೆ ಇಡುವುದಿಲ್ಲ.

ಇನ್ನು ಬಿಳಿಯ ಬಿಗಿ ಸ್ಟಾಕಿಂಗ್. ಅದರ ಬಿಗಿ ಪಾದದ ಗಿಣ್ಣಿನ ಬಳಿ ಹೆಚ್ಚು, ಮೇಲೆ ಹೋದಂತೆ ಕಡಿಮೆ. ಹಾಗಾಗಿ ರಕ್ತ ಮೇಲ್ಮುಖವಾಗುತ್ತದೆ. ಮೆಡಿಕಲ್ ಶಾಪಿನಲ್ಲಿ "ಮೀಡಿಯಂ ಕೊಡಿ" ಎಂದು ತರುವ ವಸ್ತು ಇದಲ್ಲ. ಗಿಣ್ಣು, ಮೀನಖಂಡದ ದಪ್ಪ ಭಾಗ, ತೊಡೆಯವರೆಗಿನದಾದರೆ ತೊಡೆ, ಇವನ್ನೆಲ್ಲ ಟೇಪಿನಲ್ಲಿ ಅಳೆದೇ ಕೊಳ್ಳಬೇಕು. ಊತ ಬಂದರೆ ಮತ್ತೆ ಅಳೆಯಬೇಕು. ಅಂಚು ಕೆಳಕ್ಕೆ ಸುರುಳಿ ಸುತ್ತಿಕೊಂಡರೆ ಅದೇ ದಾರ ಕಟ್ಟಿದಂತಾಗಿ, ರಕ್ತ ಏರುವ ಬದಲು ತಡೆಯುತ್ತದೆ. ದಿನಕ್ಕೊಮ್ಮೆ ಬಿಚ್ಚಿ, ಕಾಲು ತೊಳೆದು ಒರೆಸಿ, ಹಿಮ್ಮಡಿ ಮತ್ತು ಬೆರಳುಗಳನ್ನು ನೋಡಬೇಕು. ಕೆಂಪು ಗುರುತು, ಗುಳ್ಳೆ, ನೀಲಿ ಬಣ್ಣ, ಮರಗಟ್ಟುವಿಕೆ ಕಂಡರೆ ತೆಗೆದಿಟ್ಟು ಡಾಕ್ಟರಿಗೆ ತಿಳಿಸಿ. ಬಹುಕಾಲದ ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಳೆದವರಿಗೆ, ಕಾಲಿಗೆ ರಕ್ತ ಒಯ್ಯುವ ಅಪಧಮನಿ ಕಿರಿದಾದವರಿಗೆ ಇದು ಸಾಮಾನ್ಯವಾಗಿ ಕೂಡದು.

ಸ್ಟಾಕಿಂಗ್ ಮೇಲೆ ಪೂರ್ತಿ ಭಾರ ಹಾಕುವುದೂ ತಪ್ಪು. 2009ರಲ್ಲಿ ಪ್ರಕಟವಾದ ಕ್ಲಾಟ್ಸ್ ಅಧ್ಯಯನದಲ್ಲಿ, ಲಕ್ವ ಹೊಡೆದ 2,500ಕ್ಕೂ ಹೆಚ್ಚು ರೋಗಿಗಳನ್ನು ನೋಡಿದಾಗ ತೊಡೆಯುದ್ದದ ಸ್ಟಾಕಿಂಗ್ ಹಾಕಿದವರಲ್ಲೂ ಹಾಕದವರಲ್ಲೂ ಹೆಪ್ಪಿನ ಪ್ರಮಾಣ ಹೆಚ್ಚುಕಡಿಮೆ ಒಂದೇ ಇತ್ತು. ಹಾಕಿದವರಲ್ಲಿ ಚರ್ಮದ ಗಾಯಗಳು ಮಾತ್ರ ಹೆಚ್ಚು. 2013ರ ಮುಂದುವರಿದ ಅಧ್ಯಯನದಲ್ಲಿ, ಗಾಳಿ ತುಂಬಿ ಬಿಟ್ಟು ಕಾಲನ್ನು ಆಗಾಗ ಒತ್ತುವ ಯಂತ್ರ ಅಂಥವರಿಗೆ ನೆರವಾಯಿತು. ಆಪರೇಷನ್ ಆದವರ ಮಾತು ಬೇರೆ, ಅವರಲ್ಲಿ ಸ್ಟಾಕಿಂಗ್ ಉಪಯೋಗಕ್ಕೆ ಬಂದಿದೆ. ಆದರೂ ನಮ್ಮ ಅಜ್ಜಿಯಂಥವರಿಗೆ ಮುಖ್ಯ ರಕ್ಷಣೆ ಹೆಪ್ಪು ತಡೆಯುವ ಇಂಜೆಕ್ಷನ್ ಅಥವಾ ಮಾತ್ರೆ. ಅದು ಸಾಮಾನ್ಯವಾಗಿ ನಾಲ್ಕೈದು ವಾರ ನಡೆಯುತ್ತದೆ. ಮನೆಗೆ ಬಂದಮೇಲೆ "ಈಗ ಚೆನ್ನಾಗಿದ್ದಾರಲ್ಲ" ಎಂದು ನಿಲ್ಲಿಸುವವರು ಬಹಳ, ಆದರೆ ಹೆಪ್ಪಿನ ಕಾಲ ಆಗಿನ್ನೂ ಮುಗಿದಿರುವುದಿಲ್ಲ.

ಹೆಪ್ಪು ಕಟ್ಟಿದ್ದು ತಿಳಿಯುವುದು ಹೇಗೆ? ಎಷ್ಟೋ ಸಲ ಸೂಚನೆಯೇ ಇರುವುದಿಲ್ಲ. ಇದ್ದರೆ, ಒಂದೇ ಕಾಲು ಊದಿ, ಬಿಸಿಯಾಗಿ, ಮೀನಖಂಡ ಮುಟ್ಟಿದರೆ ನೋಯುತ್ತದೆ. ಆಪರೇಷನ್ ಆದ ಕಾಲು ಸ್ವಲ್ಪ ಊದುವುದು ಸಹಜವಾದ್ದರಿಂದ ಗೊಂದಲವಾಗುತ್ತದೆ. ಮೊದಲ ದಿನವೇ ಎರಡೂ ಮೀನಖಂಡಗಳ ಸುತ್ತಳತೆ ಬರೆದಿಟ್ಟು, ದಿನವೂ ಅದೇ ಜಾಗದಲ್ಲಿ ಅಳೆಯಿರಿ. ಊತ ಏರುತ್ತಿದ್ದರೆ, ಅಥವಾ ಎರಡು ಕಾಲುಗಳ ನಡುವೆ 3 ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಅಂದೇ ತೋರಿಸಿ. ಡಾಪ್ಲರ್ ಸ್ಕ್ಯಾನಿನಲ್ಲಿ ವಿಷಯ ಗೊತ್ತಾಗುತ್ತದೆ.

ನಮ್ಮ ಮನೆಗಳಲ್ಲಿ ಕಾಲು ನೋವೆಂದರೆ ಎಣ್ಣೆ ಹಚ್ಚಿ ನೀವುವುದು ರೂಢಿ. ಹೀಗೆ ಊದಿದ ಕಾಲನ್ನು ದಯವಿಟ್ಟು ನೀವಬೇಡಿ, ಒತ್ತಬೇಡಿ, ಹೆಪ್ಪು ಕಳಚಿಕೊಳ್ಳಬಹುದು. ಮಲಗಿದ್ದವರಿಗೆ ಇದ್ದಕ್ಕಿದ್ದಂತೆ ಏದುಸಿರು ಬಂದರೆ, ಉಸಿರೆಳೆದಾಗ ಎದೆ ಚುಚ್ಚಿದರೆ, ಕೆಮ್ಮಿನಲ್ಲಿ ರಕ್ತ ಕಂಡರೆ ಅಥವಾ ಕುಸಿದುಬಿದ್ದರೆ, ಗ್ಯಾಸ್ಟ್ರಿಕ್ ಎಂದುಕೊಂಡು ಬೆಳಗಿನವರೆಗೆ ಕಾಯದೆ ಕೂಡಲೇ 108ಕ್ಕೆ ಫೋನ್ ಮಾಡಿ. ಇತ್ತೀಚೆಗೆ ಆಪರೇಷನ್ ಆಗಿದೆ ಎಂಬುದನ್ನು ಮೊದಲ ಮಾತಿನಲ್ಲೇ ಹೇಳಿ.